ಸಂಕ್ರಾಂತಿ ಕಳೆದು ಹದಿನಾರು ದಿನಕ್ಕೆ ಬಂದ ಶುಭಾಶಯ: ಒಂದು ಪ್ರಕರಣ

ಮಂಡ್ಯದಲ್ಲಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು ನಾನು ವಯಸ್ಸಾದವರಿಗೆ ಫೋನ್ ಬಳಸೋದು ಹೇಳ್ಕೊಡ್ತೀನಿ. ಹತ್ತು ಹನ್ನೆರಡು ಜನ ಬರ್ತಾರೆ. ಫೋಟೋ ಕಳ್ಸೋದು, ಕರೆಂಟ್ ಬಿಲ್ ಕಟ್ಟೋದು ಇವೆಲ್ಲ ಎರಡು ಮೂರು ವಾರಕ್ಕೆ ಕಲಿತುಬಿಡ್ತಾರೆ, ಆಮೇಲೆ ಅವರು ಫೋನ್ ಹಿಡ್ಕೊಂಡು ಬಂದು ಕೇಳೋದು ಬರೀ ಒಂದೇ ಪ್ರಶ್ನೆ, "ಇದಕ್ಕೆ ಏನಂತ ಉತ್ತರ ಕೊಡ್ಲಿ?" ಅಂತ. ಈ ಪ್ರಕರಣನೂ ಹಂಗೇ ಶುರುವಾಗಿದ್ದು. ಶುಭಾಶಯ ಕಳಿಸಿದವರು, ಉತ್ತರ ಕೊಟ್ಟವರು ಇಬ್ರೂ ಒಪ್ಪಿದ ಮೇಲೇ ಬರೀತಿದೀನಿ, ಹೆಸರು ಹಾಕಿಲ್ಲ, ಊರು ಮತ್ತೆ ಕೆಲವು ಗುರುತು ಸಿಗೋ ವಿವರ ಬದಲಾಯಿಸಿದೀನಿ.

ಹಿನ್ನೆಲೆ

ನಮ್ಮ ಕ್ಲಾಸಿಗೆ ಬರೋ ಒಬ್ಬರು ಅಂಗನವಾಡಿಲಿ ಕೆಲಸ ಮಾಡಿ ರಿಟೈರ್ ಆದವರು, ಅವರನ್ನ ಇಲ್ಲಿ ಟೀಚರ್ ಅಂತಾನೇ ಕರೀತೀನಿ. ಮಂಡ್ಯದಲ್ಲಿ ಮಗ ಸೊಸೆ ಜೊತೆ ಇದಾರೆ, ಮಗ ಕೆಲಸಕ್ಕೆ ಅಂತ ವಾರವೆಲ್ಲ ಬೆಂಗಳೂರಲ್ಲಿರ್ತಾನೆ.

2025ರಲ್ಲಿ ಸಂಕ್ರಾಂತಿ ಜನವರಿ 14, ಮಂಗಳವಾರ. ಟೀಚರ್ ಫೋನಿಗೆ ಆ ಮೆಸೇಜ್ ಬಂದಿದ್ದು ಜನವರಿ 30, ಗುರುವಾರ ರಾತ್ರಿ. ಗೊತ್ತಿಲ್ಲದ ನಂಬರು, ಹಿಂದೆ ಯಾವತ್ತೂ ಅದರಿಂದ ಒಂದು ಮೆಸೇಜೂ ಬಂದಿಲ್ಲ, ಡಿಪಿಲಿ ತುಳಸಿಕಟ್ಟೆ ಫೋಟೋ. ಬರೆದಿದ್ದಿಷ್ಟು:

"ನಮಸ್ಕಾರ ಸಂಕ್ರಾತಿ ಹಬ್ಬದ ಶುಭಾಶಯಗಳು ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ"

ಸಂಕ್ರಾಂತಿಲಿ ಎರಡನೇ ಸೊನ್ನೆ ಇರಲಿಲ್ಲ, ಚುಕ್ಕಿ ಕಾಮಾನೂ ಇರಲಿಲ್ಲ. ಇದನ್ನ ನೆನಪಿಟ್ಕೊಳಿ, ಮುಂದೆ ಬೇಕಾಗುತ್ತೆ.

ಎಲ್ಲಿ ಕೆಟ್ಟಿತು

ಟೀಚರ್ ಮಗನಿಗೆ ಫೋನ್ ಮಾಡಿ ಹೇಳಿದ್ರು, ಅವನು ಬ್ಲಾಕ್ ಮಾಡಮ್ಮ ಅಂದ. ಅವನು ಹಂಗಂದಿದ್ದು ತಪ್ಪು ಅಂತ ನಾನು ಹೇಳಲ್ಲ, ಅವರ ಆಫೀಸಲ್ಲೇ ಒಬ್ಬರು ದುಡ್ಡು ಕಳ್ಕೊಂಡಿದ್ದನ್ನ ಅವನು ನೋಡಿದಾನೆ. ಟೀಚರಿಗೆ ಮಾತ್ರ ಬ್ಲಾಕ್ ಮಾಡೋಕೆ ಮನಸ್ಸಾಗ್ಲಿಲ್ಲ, ಇದ್ಯಾರೋ ನಮ್ಮ ಕಡೆಯವರೇ ಅನ್ನಿಸ್ತಿತ್ತು. ಸುಮ್ನಿದ್ರು. ಮಾರನೇ ದಿನ ಫೋನ್ ಸೊಸೆ ಕೈಲಿತ್ತು, ಆ ಹುಡುಗಿ ಯೋಚನೆ ಮಾಡದೆ ಉತ್ತರ ಹಾಕಿಬಿಟ್ಳು:

"ಯಾರಿದು? ಸಂಕ್ರಾಂತಿ ಮುಗಿದು ಹದಿನೈದು ದಿನ ಆಯ್ತು 😂"

ಎರಡು ನೀಲಿ ಟಿಕ್ ಬಂತು. ಆಮೇಲೆ ಏನೂ ಬರ್ಲಿಲ್ಲ, ಶುಕ್ರವಾರ ಇಲ್ಲ, ಶನಿವಾರ ಇಲ್ಲ. ಭಾನುವಾರ ಫೆಬ್ರವರಿ 2ಕ್ಕೆ ಟೀಚರ್ ಕ್ಲಾಸಿಗೆ ಬಂದು ಫೋನ್ ನನ್ನ ಕೈಗೆ ಕೊಟ್ಟು, "ನೋಡಿ ಮೇಷ್ಟ್ರೇ, ಯಾರಿಗೋ ನೋವು ಮಾಡ್ಬಿಟ್ವಿ ಅನ್ಸುತ್ತೆ" ಅಂದ್ರು. ಮೆಸೇಜ್ ಕಳಿಸಿದ್ದು ಯಾರು ಅಂತಾನೇ ಗೊತ್ತಿಲ್ಲ, ಆದ್ರೂ ಮೊದಲು ಬಂದಿದ್ದು ಆ ಮಾತು.

ಆ ಉತ್ತರದಲ್ಲಿ ಯಾರಿದು ಅಂತ ಕೇಳಿದ್ದು ನನಗೆ ತಪ್ಪು ಅನ್ಸಲ್ಲ, ಎಲ್ರೂ ಕೇಳ್ತಾರೆ. ತಪ್ಪಾಗಿದ್ದು ದಿನದ ಲೆಕ್ಕ ಹಿಡಿದಿದ್ದು, ಮೇಲೆ ಆ ನಗೋ ಮುಖ. ತಡವಾಗಿ ಶುಭಾಶಯ ಕಳಿಸಿದವರಿಗೆ ತಡ ಆಗಿರೋದು ನಮಗಿಂತ ಚೆನ್ನಾಗಿ ಗೊತ್ತಿರುತ್ತೆ. ಗೊತ್ತಿದ್ದೂ ಕಳಿಸಿದಾರೆ ಅಂದ್ರೆ ಆ ಹಬ್ಬದ ಹಿಂದೆ ಬೇರೆ ಏನೋ ಮಾತಿದೆ, ಬರೀ ಮಾತಾಡಿಸ್ಬೇಕು ಅನ್ನೋ ಆಸೆ ಆದ್ರೂ ಇರುತ್ತೆ, ಅದನ್ನ ನೇರ ಹೇಳೋಕೆ ಸಂಕೋಚ ಆಗಿ ಹಬ್ಬನ ಮುಂದಿಟ್ಕೊಂಡು ಬಂದಿರ್ತಾರೆ. ಬಾಗಿಲಿಗೆ ಬಂದವರಿಗೆ ಟೈಮ್ ಎಷ್ಟಾಯ್ತು ನೋಡಿದೀರಾ ಅಂತ ಕೇಳಿದ್ರೆ ಅವರು ಒಳಗೆ ಬರಲ್ಲ, ಹಂಗೇ ತಿರುಗಿ ಹೋಗ್ತಾರೆ.

ಮೊದಲು ಮೋಸನಾ ಅಂತ ನೋಡಿದ್ದು

ನಾನು ಮೊದಲು ಮೆಸೇಜನ್ನೇ ಬಿಡಿಸಿ ನೋಡ್ದೆ. ಫಾರ್ವರ್ಡ್ ಆದ ಮೆಸೇಜಿಗೆ ಮೇಲ್ಗಡೆ ಬಾಣದ ಗುರುತು ಬರುತ್ತೆ, ಇದಕ್ಕಿರ್ಲಿಲ್ಲ. ಆದ್ರೆ ಇದೊಂದನ್ನೇ ನಂಬೋ ಹಾಗಿಲ್ಲ, ಕಾಪಿ ಮಾಡಿ ಪೇಸ್ಟ್ ಮಾಡಿದ್ರೂ ಬಾಣ ಬರಲ್ಲ. ಇಲ್ಲಿ ಕೈಯಾರೆ ಬರೆದಿದ್ದಾರೆ ಅಂತ ಹೇಳಿದ್ದು ಆ ಬಿಟ್ಟುಹೋದ ಸೊನ್ನೆ. ಸಾವಿರ ಜನಕ್ಕೆ ಒಟ್ಟಿಗೆ ಕಳಿಸೋ ಕಾರ್ಡಲ್ಲಿ ಹೂವು, ಕಬ್ಬು, ಸೂರ್ಯ, ಬಣ್ಣದ ಅಕ್ಷರ ಎಲ್ಲಾ ಇರುತ್ತೆ, ಹಿಂಗೆ ಒತ್ತಕ್ಷರಕ್ಕೆ ಸೊನ್ನೆಗೆ ಒದ್ದಾಡಿದ ಗುರುತು ಇರಲ್ಲ. ಲಿಂಕ್ ಇಲ್ಲ, ಫೈಲ್ ಇಲ್ಲ.

ಇದಕ್ಕಿಂತ ದೊಡ್ಡ ಗುರುತು ಆಮೇಲಿನ ಮೌನ. ಮೋಸ ಮಾಡೋರಿಗೆ ಬೇಕಿರೋದು ನಮ್ಮ ಕಡೆಯಿಂದ ಯಾವುದಾದ್ರೂ ಒಂದು ಉತ್ತರ, ಬೈದ್ರೂ ಆಗುತ್ತೆ, ನಂಬರ್ ನಡೀತಿದೆ ಅಂತ ಗೊತ್ತಾದ್ರೆ ಸಾಕು. ಯಾರಿದು ಅಂತ ಕೇಳಿದ್ರಂತೂ ಅವರಿಗೆ ಹಬ್ಬನೇ, ಹತ್ತು ನಿಮಿಷದಲ್ಲಿ ಸಾರಿ ರಾಂಗ್ ನಂಬರ್, ನೀವು ಒಳ್ಳೆಯವರ ಥರ ಕಾಣ್ತೀರಿ ಅಂತ ಮಾತು ಬೆಳೆಸ್ತಾರೆ. ಇಲ್ಲಿ ಎರಡು ದಿನ ಆದ್ರೂ ಒಂದು ಅಕ್ಷರ ಇಲ್ಲ. ನಾಚಿಕೆ ಪಟ್ಕೊಂಡವರು ಹಿಂಗೆ ಸುಮ್ನಾಗ್ತಾರೆ.

ಕ್ಲಾಸಲ್ಲಿದ್ದ ಒಬ್ಬರು ಯುಪಿಐ ಆಪಲ್ಲಿ ಆ ನಂಬರ್ ಹಾಕಿ ನೋಡೋಣ, ಹೆಸರು ಬರುತ್ತೆ ಅಂದ್ರು. ಹಾಕಿದ್ವಿ, ಯಾವುದೋ ಗಂಡಸಿನ ಹೆಸರು ಬಂತು, ಟೀಚರಿಗೆ ಆ ಹೆಸರಿನವರು ಯಾರೂ ಗೊತ್ತಿಲ್ಲ. ಅಲ್ಲಿಗೆ ರೂಮಲ್ಲಿ ಅರ್ಧ ಜನ ಇದು ಮೋಸನೇ ಅಂತ ತೀರ್ಮಾನ ಮಾಡಿಬಿಟ್ರು. ನಾನು ಒಪ್ಪಲಿಲ್ಲ. ಅಲ್ಲಿ ಬರೋದು ಆ ನಂಬರಿಗೆ ಜೋಡಿಸಿರೋ ಬ್ಯಾಂಕ್ ಖಾತೆ ಯಾರದ್ದೋ ಅವರ ಹೆಸರು. ನಮ್ಮ ಕಡೆ ಹೆಂಗಸರ ಫೋನಿನ ಸಿಮ್ಮು, ಅದಕ್ಕೆ ಜೋಡಿಸಿದ ಖಾತೆ ಗಂಡನದ್ದೋ ಮಗನದ್ದೋ ಅಳಿಯನದ್ದೋ ಹೆಸರಲ್ಲಿರೋದು ಎಷ್ಟು ಸಾಮಾನ್ಯ ಅಂದ್ರೆ, ಅಲ್ಲಿ ಬರೋ ಹೆಸರಿಂದ ಫೋನ್ ಯಾರ ಕೈಲಿದೆ ಅಂತ ಹೇಳೋಕಾಗಲ್ಲ.

ಆಗ ಟೀಚರ್ ಮೆಲ್ಲಗೆ, "ನಂಗೊಬ್ರ ಮೇಲೆ ಅನುಮಾನ ಇದೆ, ನೀನು ಇಂಥವಳಾ ಅಂತ ಕೇಳ್ಬಿಡ್ಲಾ?" ಅಂದ್ರು. ಬೇಡ ಅಂದೆ. ಇದು ಬಹಳ ಜನ ಮಾಡೋ ತಪ್ಪು. ಹೆಸರು ನಾವೇ ಎತ್ತಿ ಕೊಟ್ರೆ ಆ ಕಡೆ ಯಾರಿದ್ರೂ ಹೌದು ಅವಳೇ ಅಂದುಬಿಡಬಹುದು, ಆಮೇಲೆ ಅದನ್ನ ಪರೀಕ್ಷೆ ಮಾಡೋ ದಾರಿ ನಮಗೆ ಉಳಿಯಲ್ಲ. ಹೆಸರು ಅವರ ಬಾಯಿಂದಲೇ ಬರ್ಬೇಕು.

ಉತ್ತರ ಬರೆದಿದ್ದು

ಟೀಚರ್ ಮೊದಲು ಬರೆದಿದ್ದು "ಧನ್ಯವಾದಗಳು, ತಾವು ಯಾರೆಂದು ತಿಳಿಯಲಿಲ್ಲ" ಅಂತ. ಮರ್ಯಾದೆಯಾಗೇ ಇದೆ, ಆದ್ರೆ ತಾಲ್ಲೂಕು ಆಫೀಸಿನಿಂದ ಬಂದ ಕಾಗದದ ಥರ ಇದೆ, ಆಗಲೇ ಒಂದ್ಸಲ ಹಿಂದೆ ಸರಿದವರು ಇದನ್ನ ನೋಡಿದ್ರೆ ಇನ್ನೂ ಹಿಂದೆ ಹೋಗ್ತಾರೆ. ಎರಡನೇದು ನಾನು ಹೇಳಿದ್ದು, ಮೊನ್ನೆ ಉತ್ತರ ಹಾಕಿದ್ದು ನಾನಲ್ಲ ನಮ್ಮ ಸೊಸೆ, ಬೇಜಾರು ಮಾಡ್ಕೋಬೇಡಿ ಅಂತ. ಟೀಚರ್ ಅದನ್ನ ಕೇಳಿದ ತಕ್ಷಣ ಬೇಡ ಅಂದ್ರು. "ಅವಳು ನಮ್ಮನೆ ಮಗು, ಅವಳ ಮೇಲೆ ಹಾಕಿ ನಾನು ಒಳ್ಳೆಯವಳಾಗೋದು ಬೇಡ ಮೇಷ್ಟ್ರೇ" ಅಂತ. ಅವರು ಹೇಳಿದ್ದೇ ಸರಿ. ಸೊಸೆ ಹೆಸರು ತಂದಿದ್ರೆ ಆ ಕಡೆಯವರು ಮುಂದೆ ಯಾವತ್ತಾದ್ರೂ ಮನೆಗೆ ಬಂದಾಗ ಅವಳನ್ನ ಯಾವ ಕಣ್ಣಲ್ಲಿ ನೋಡ್ತಿದ್ರೋ.

ಅಷ್ಟರಲ್ಲಿ ಹಿಂದಿನ ಬೆಂಚಲ್ಲಿದ್ದ ಒಬ್ಬ ಅಜ್ಜಿ, ಇಷ್ಟು ಹೊತ್ತು ಒಂದು ಮಾತೂ ಆಡದವರು, "ಅಯ್ಯೋ, ರಥಸಪ್ತಮಿನೇ ಬಂದಿಲ್ವಲ್ರವ್ವ, ಎಳ್ಳು ಬೀರಕ್ಕೆ ಇನ್ನೂ ದಿನ ಐತಲ್ಲ" ಅಂದ್ರು.

ಇಡೀ ಪ್ರಕರಣ ತಿರುಗಿದ್ದು ಆ ಮಾತಿಂದ. ಹಬ್ಬದ ದಿನ ಎಲ್ಲಾ ಮನೆಗೂ ಹೋಗಕ್ಕಾಗಲ್ಲ ಅಂತಾನೇ ನಮ್ಮ ಕಡೆ ಸಂಕ್ರಾಂತಿಯಿಂದ ರಥಸಪ್ತಮಿವರೆಗೂ ಎಳ್ಳು ಬೀರೋ ರೂಢಿ ಇದೆ. ಆ ವರ್ಷ ರಥಸಪ್ತಮಿ ಫೆಬ್ರವರಿ 4, ಮಂಗಳವಾರ. ಅಂದ್ರೆ ಜನವರಿ 30ಕ್ಕೆ ಬಂದ ಶುಭಾಶಯ ತಡವೇ ಅಲ್ಲ, ಲೆಕ್ಕ ತಪ್ಪಿದ್ದು ಈ ಕಡೆಯಿಂದ. ಮೆಸೇಜಲ್ಲಿ ಎಳ್ಳು ಬೆಲ್ಲದ ಮಾತು ಯಾಕೆ ಹಾಕಿದ್ರು ಅಂತ ನನಗೆ ಆಗ ಹೊಳೀತು. ಕೊನೆಗೆ ಟೀಚರ್ ಬರೆದಿದ್ದು ಹಿಂಗೆ:

"ನಿಮಗೂ ನಿಮ್ಮನೆಯವರಿಗೂ ಸಂಕ್ರಾಂತಿ ಶುಭಾಶಯ. ರಥಸಪ್ತಮಿ ಮಂಗಳವಾರ ಅಲ್ವಾ, ಎಳ್ಳು ಬೀರೋಕೆ ಇನ್ನೂ ದಿನ ಇದೆ. ನಿಮ್ಮ ನಂಬರ್ ನನ್ನತ್ರ ಸೇವ್ ಇರಲಿಲ್ಲ, ಹೆಸರು ಹೇಳಿದ್ರೆ ಸೇವ್ ಮಾಡ್ಕೋತೀನಿ."

ಇಲ್ಲಿ ಕ್ಷಮೆ ಅನ್ನೋ ಪದ ಇಲ್ಲ, ಆದ್ರೆ ತಡ ಆಯ್ತು ಅಂತ ನಕ್ಕಿದ್ದನ್ನ ಎರಡನೇ ಸಾಲು ವಾಪಸ್ ತಗೊಂಡಿದೆ. ಯಾರಿದು ಅಂತ ಕೇಳೋದೂ ಹೆಸರು ಹೇಳಿದ್ರೆ ಸೇವ್ ಮಾಡ್ಕೋತೀನಿ ಅನ್ನೋದೂ ಕೇಳ್ತಿರೋ ವಿಷಯ ಒಂದೇ ಆದ್ರೂ, ಮೊದಲನೇದರಲ್ಲಿ ಅನುಮಾನ ಇದೆ, ಎರಡನೇದರಲ್ಲಿ ಇಟ್ಕೋತೀನಿ ಅನ್ನೋ ಭರವಸೆ ಇದೆ. ಉತ್ತರ ಬಂದ ಮೆಸೇಜಿಗಿಂತ ಉದ್ದ ಇದ್ರೂ ಮೂರೇ ಸಾಲಲ್ಲಿ ಮುಗಿದಿತ್ತು. ಟೀಚರ್ ತಮ್ಮ ಫೋಟೋ, ಮನೆ ಅಡ್ರೆಸ್ಸು, ಯಾವಾಗ ಮನೇಲಿರ್ತೀನಿ ಅನ್ನೋದು ಏನೂ ಹೇಳಲಿಲ್ಲ, ಹೆಸರು ಗೊತ್ತಾಗೋವರೆಗೂ ಅದು ಬೇಕಾಗೂ ಇಲ್ಲ.

ಮಧ್ಯಾಹ್ನ ಕಳಿಸಿದ್ದು. ಸಂಜೆವರೆಗೂ ನೀಲಿ ಟಿಕ್ ಬರ್ಲಿಲ್ಲ, ಟೀಚರ್ ನನಗೆ ಎರಡು ಸಲ ಫೋನ್ ಮಾಡಿ ಇನ್ನೊಂದು ಹಾಕ್ಲಾ ಅಂತ ಕೇಳಿದ್ರು. ಬೇಡ, ನೀವು ಹೇಳೋದು ಹೇಳಾಯ್ತು, ಈಗ ಅವರ ಸರದಿ ಅಂದೆ. ಮೇಲಿಂದ ಮೇಲೆ ಕಳಿಸಿದ್ರೆ ಮೊದಲನೇದರಲ್ಲಿದ್ದ ನಿಧಾನ ಕೆಟ್ಟೋಗುತ್ತೆ.

ಆಮೇಲೆ ಆಗಿದ್ದು

ಸೋಮವಾರ ಬೆಳಿಗ್ಗೆ ಆರಕ್ಕೆ ಮುಂಚೆನೇ ಉತ್ತರ ಬಂದಿತ್ತು. ಟೀಚರ್ ಅಂಗನವಾಡಿಲಿದ್ದಾಗ ಜೊತೇಲಿ ಸಹಾಯಕಿಯಾಗಿದ್ದ ಹೆಂಗಸು, ಹನ್ನೊಂದು ವರ್ಷ ಒಟ್ಟಿಗೆ ಕೆಲಸ ಮಾಡಿದವರು. ಹೆಸರು ಹೇಳಿ ಮುಂದೆ ಬರೆದಿದ್ರು: "ಟೀಚರಮ್ಮ ನೀವು ಮರ್ತೋಗಿದೀರ ಅನ್ಕೊಂಡೆ. ಹಬ್ಬದಲ್ಲಿ ಸೂತಕ ಇತ್ತು ಅದಕೆ ಕಳ್ಸಕಾಗ್ಲಿಲ್ಲ. ಈಗ ಫೋನು ಬಂತು. ಆ ಸೋರೋ ರೂಮು ನೆನಪೈತಾ ನಿಮಗೆ"

ಸೋರೋ ರೂಮು ಅಂದ್ರೆ ಅವರ ಹಳೇ ಅಂಗನವಾಡಿ, ಮಳೆ ಬಂದಾಗ ಇಬ್ರೂ ಅಕ್ಕಿ ಬೇಳೆ ಮೂಟೆ ಎಳೆದಾಡ್ಕೊಂಡು ಒಣಗಿರೋ ಮೂಲೆ ಹುಡುಕ್ತಿದ್ದ ಜಾಗ. ಯಾರೂ ಕೇಳದೆ ತಾನಾಗೇ ಬಂದ ಇಂಥಾ ಒಂದು ನೆನಪು, ಯುಪಿಐಲಿ ಬಂದ ಹೆಸರಿಗಿಂತ ಗಟ್ಟಿ ಸಾಕ್ಷಿ. ಆ ಗಂಡಸಿನ ಹೆಸರು ಅಳಿಯನದ್ದಾಗಿತ್ತು, ಸಿಮ್ ಅವನದ್ದು, ಅದಕ್ಕೆ ಜೋಡಿಸಿದ್ದ ಬ್ಯಾಂಕ್ ಖಾತೆನೂ ಅವನದ್ದೇ.

ದಿನ ತಪ್ಪಿದ್ದು ಯಾಕೆ ಅನ್ನೋದೂ ಆಗಲೇ ಗೊತ್ತಾಗಿದ್ದು. ದಾಯಾದಿಗಳಲ್ಲಿ ಒಬ್ಬರು ಜನವರಿ ಹತ್ತಕ್ಕೆ ತೀರ್ಕೊಂಡಿದ್ರು, ಹಬ್ಬ ಸೂತಕದಲ್ಲೇ ಕಳೀತು, ಹನ್ನೊಂದನೇ ದಿನ ತಿಥಿ ಆಯ್ತು. ಆಮೇಲೆ ಮಗಳು ತನ್ನ ಹಳೇ ಫೋನ್ ಕೊಟ್ಳು, ಟೀಚರ್ ನಂಬರ್ ಹಳೇ ಡೈರಿಲಿ ಸಿಗ್ತು, ಅಷ್ಟೊತ್ತಿಗೆ ಅಮಾವಾಸ್ಯೆ ಹತ್ರ ಬಂದಿತ್ತು, ಜನವರಿ 29. ಇಷ್ಟು ವರ್ಷ ಆದ್ಮೇಲೆ ಮಾತಾಡಿಸೋದು ಅಮಾವಾಸ್ಯೆ ಕಳೀಲಿ ಅಂತ ಕಾದು ಮಾರನೇ ದಿನ ಕಳಿಸಿದ್ರು. ನಮ್ಮ ಕಣ್ಣಿಗೆ ಹದಿನಾರು ದಿನ ಲೇಟು, ಅವರ ಪಾಲಿಗೆ ಆಗೋ ಮೊದಲನೇ ದಿನಾನೇ ಅದು.

ಸೂತಕ ಅಂತ ಓದಿದ ಮೇಲೆ ಟೀಚರ್ ನನ್ನ ಕೇಳೋಕೆ ಕಾಯಲಿಲ್ಲ, ತಾವೇ ಬರೆದ್ರು: "ಯಾರವ್ವ ತೀರ್ಕೊಂಡಿದ್ದು? ನಂಗೆ ಗೊತ್ತೇ ಆಗ್ಲಿಲ್ಲ. ಸಂಜೆ ಫೋನ್ ಮಾಡ್ತೀನಿ." ಶುಭಾಶಯದ ಮಾತು, ಕೈ ಮುಗಿಯೋ ಚಿತ್ರ ಎಲ್ಲಾ ಅಲ್ಲಿಗೇ ನಿಲ್ಲಿಸಿದ್ರು. ನಾನಾಗಿದ್ರೆ ಮೊದಲು ಸೋರೋ ರೂಮಿನ ಮಾತು ಎತ್ತಿಬಿಡ್ತಿದ್ದೆ ಅನ್ಸುತ್ತೆ. ಸಾವಿನ ಮಾತು ಬಂದಾಗ ಅದನ್ನ ಮೊದಲು ಕೇಳ್ಬೇಕು ಅನ್ನೋದು ಅವರಿಗೆ ತಾನಾಗೇ ಗೊತ್ತಿತ್ತು.

ಸಂಜೆ ಫೋನಲ್ಲಿ ನಿಜವಾದ ವಿಷಯ ಹೊರಗೆ ಬಂತು. 2020ರ ಲಾಕ್‌ಡೌನಲ್ಲಿ ಆ ಹೆಂಗಸು ಟೀಚರ್ ಹತ್ರ 4,000 ರೂಪಾಯಿ ಕೈಗಡ ತಗೊಂಡಿದ್ರು, ತೀರ್ಸಕ್ಕಾಗ್ಲಿಲ್ಲ, ಟೀಚರ್ ರಿಟೈರ್ ಆಗಿ ಮಂಡ್ಯಕ್ಕೆ ಬಂದ್ರು, ಅಲ್ಲಿಗೆ ಮಾತೇ ನಿಂತೋಗಿತ್ತು. ಟೀಚರ್ ಅದನ್ನ ಯಾವತ್ತೋ ಬಿಟ್ಟಿದ್ರು, ಆ ಕಡೆ ಮಾತ್ರ ಅದು ನಾಲ್ಕೂವರೆ ವರ್ಷ ಚುಚ್ಚುತಾನೇ ಇತ್ತು. ಹಬ್ಬದ ಶುಭಾಶಯ ಕಳಿಸಿ, ಉತ್ತರ ಚೆನ್ನಾಗಿ ಬಂದ್ರೆ ದುಡ್ಡಿನ ಮಾತು ಎತ್ತೋಣ ಅಂತಿದ್ರಂತೆ. ಆ ನಗೋ ಮುಖ ನೋಡಿ ಫೋನ್ ಮಗಳ ಕೈಗೆ ಕೊಟ್ಟು ಇದು ನಂಗೆ ಬೇಡ ಅಂದಿದ್ರಂತೆ.

ದುಡ್ಡಿನ ಮಾತು ಬಂದಾಗ ಟೀಚರ್ "ಬಿಡವ್ವ ಅದನ್ನ" ಅನ್ನಲಿಲ್ಲ, "ನಿಂಗಾದಾಗ ಕೊಡು ಕಣವ್ವ" ಅಂದ್ರು. ಬಿಡು ಅಂದಿದ್ರೆ ಅಷ್ಟು ದಿನ ಅದನ್ನ ಹೊತ್ಕೊಂಡು ಬಂದವರ ಕೈಲಿ ಕೊಡೋಕೆ ಏನೂ ಉಳೀತಿರಲಿಲ್ಲ ಅಂತ ಆಮೇಲೆ ನನಗೆ ವಿವರಿಸಿದ್ರು.

ಎಲ್ಲಾ ಸಲೀಸಾಗೇನೂ ಆಗಲಿಲ್ಲ. ರಥಸಪ್ತಮಿಗೆ ಬತ್ತೀನಿ ಅಂದವರು ಬರಲಿಲ್ಲ, ಟೀಚರ್ ಆವತ್ತು ಎಳ್ಳು ಬೆಲ್ಲ ಕಟ್ಟಿಟ್ಕೊಂಡು ಸಂಜೆವರೆಗೂ ಕಾದಿದ್ರು. ಮತ್ತೆ ಫೋನ್ ಮಾಡಿ ಯಾಕೆ ಬರ್ಲಿಲ್ಲ ಅಂತ ಕೇಳ್ಬೇಕು ಅಂತಿದ್ದವರನ್ನ ಈ ಸಲ ತಡೆದಿದ್ದು ಸೊಸೆ, "ಬಸ್ ಚಾರ್ಜಿಗೂ ದುಡ್ಡು ಹೊಂದಿಸ್ಬೇಕಲ್ವಾ ಅತ್ತೆ, ಬಿಡಿ ಬರ್ತಾರೆ" ಅಂತ. ಫೆಬ್ರವರಿ 9, ಭಾನುವಾರ ಬಂದ್ರು, ಒಂದು ಚೀಲ ಅವರೆಕಾಯಿ ಮತ್ತೆ 1,500 ರೂಪಾಯಿ ತಗೊಂಡು. ಟೀಚರ್ ಎರಡನ್ನೂ ಇಸ್ಕೊಂಡ್ರು.

ಇದೇ ಥರ ಕಂಡ ಇನ್ನೊಂದು, ಅದಕ್ಕೆ ಉತ್ತರ ಕೊಡಬಾರದಿತ್ತು

ಇದನ್ನ ಓದಿ ಎಲ್ಲಾ ಶುಭಾಶಯಕ್ಕೂ ಉತ್ತರ ಕೊಡಿ ಅಂತ ಯಾರೂ ತಿಳ್ಕೋಬಾರದು ಅಂತ ಇದನ್ನೂ ಸೇರಿಸ್ತಿದೀನಿ. ಫೆಬ್ರವರಿ 16ಕ್ಕೆ ಅದೇ ಕ್ಲಾಸಲ್ಲಿ ಒಬ್ಬ ಹಿರಿಯರು ಫೋನ್ ತೋರಿಸಿದ್ರು, ಗೊತ್ತಿಲ್ಲದ ನಂಬರಿಂದ ಯುಗಾದಿ ಶುಭಾಶಯ, ಯುಗಾದಿ ಆ ವರ್ಷ ಮಾರ್ಚ್ 30, ಇನ್ನೂ ಆರು ವಾರ ಇದೆ. ಕೆಳಗೆ ನಿಮಗಾಗಿ ವಿಶೇಷ ಕಾರ್ಡ್ ಅಂತ ಒಂದು ಫೈಲು, ಅದರ ಹೆಸರು ಕೊನೆಯಾಗಿದ್ದು `.apk` ಅಂತ. ಕಾರ್ಡ್ ಅಂದ್ರೆ ಫೋಟೋ, ಅದು ತೆರೆಯದೇನೇ ಮೆಸೇಜಲ್ಲೇ ಕಾಣುತ್ತೆ. `.apk` ಅಂದ್ರೆ ಅದೊಂದು ಆಪ್, ಒತ್ತಿದ್ರೆ ಇನ್‌ಸ್ಟಾಲ್ ಮಾಡ್ಲಾ ಅಂತ ಕೇಳುತ್ತೆ, ಹೂಂ ಅಂದ್ರೆ ಎಸ್ಸೆಮ್ಮೆಸ್ ಓದೋಕೆ ಪರ್ಮಿಷನ್ ಕೇಳುತ್ತೆ, ಅಲ್ಲಿಗೆ ಬ್ಯಾಂಕಿನ ಓಟಿಪಿ ಅವರ ಕೈಗೆ ಹೋಯ್ತು. ಅಲ್ಲಿ ನಾವು ಒಂದಕ್ಷರನೂ ಬರೀಲಿಲ್ಲ, ರಿಪೋರ್ಟ್ ಮಾಡಿ ಬ್ಲಾಕ್ ಮಾಡಿದ್ವಿ. ಅವರು ಫೈಲ್ ಒತ್ತಿರಲಿಲ್ಲ ಅನ್ನೋದು ಪುಣ್ಯ, ಒತ್ತಿ ದುಡ್ಡು ಹೋಗಿದ್ರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕಿತ್ತು.

ಎರಡು ಮೆಸೇಜಲ್ಲೂ ದಿನ ತಪ್ಪಿದೆ, ಆದ್ರೆ ದಿನ ತಪ್ಪಿರೋದ್ರಿಂದ ಏನೂ ಗೊತ್ತಾಗಲ್ಲ. ಗೊತ್ತಾಗೋದು ಮೆಸೇಜ್ ನಮ್ಮಿಂದ ಏನು ಕೇಳ್ತಿದೆ ಅನ್ನೋದ್ರಿಂದ. ಒಂದು ಏನೂ ಕೇಳದೆ ಸುಮ್ಮನೆ ಬಂದು ನಿಂತಿತ್ತು, ಇನ್ನೊಂದು ಬಂದ ಕೂಡಲೇ ಒತ್ತು ಅಂತಿತ್ತು.

ಎರಡು ತಿಂಗಳಾದ ಮೇಲೆ

ಏಪ್ರಿಲ್ 14ಕ್ಕೆ ಟೀಚರ್ ಫೋನಿಗೆ ಮತ್ತೆ ಗೊತ್ತಿಲ್ಲದ ನಂಬರಿಂದ ಯುಗಾದಿ ಶುಭಾಶಯ ಬಂತು, ಹಬ್ಬ ಮುಗಿದು ಹದಿನೈದು ದಿನಕ್ಕೆ. ಫೋನ್ ಸೊಸೆ ಕೈಲಿತ್ತು. ಅವಳು ಈ ಸಲ ಗೋಡೆ ಕ್ಯಾಲೆಂಡರ್ ಹತ್ರ ಹೋಗಿ ನೋಡಿ, "ಅತ್ತೆ, ಇವತ್ತು ಸೌರಮಾನ ಯುಗಾದಿ, ಇವರು ಮಂಗಳೂರು ಉಡುಪಿ ಕಡೆಯವರಿರ್ಬೇಕು, ಅವರಿಗೆ ಇವತ್ತೇ ಹಬ್ಬ" ಅಂದ್ಳು. ಟೀಚರಿಗೆ ಆಗ ನೆನಪಾಗಿದ್ದು ಹಿಂದೆ ಮಹಡಿ ಮೇಲೆ ಬಾಡಿಗೆಗಿದ್ದ ಉಡುಪಿಯವರು, ಆದ್ರೂ ಆ ಹೆಸರು ಬರೀಬೇಡ ಅಂತ ಸೊಸೆಗೆ ಹೇಳಿದ್ರು. ಅವಳು ಬರೆದಿದ್ದನ್ನ ಮುಂದಿನ ಭಾನುವಾರ ನನಗೆ ತಂದು ತೋರಿಸಿದ್ರು:

"ನಿಮಗೂ ಯುಗಾದಿ ಶುಭಾಶಯ. ನಿಮ್ಮ ಕಡೆ ಹಬ್ಬ ಇವತ್ತಲ್ವಾ? ನಂಬರ್ ಸೇವ್ ಇಲ್ಲ, ಹೆಸರು ಹೇಳಿ, ಸೇವ್ ಮಾಡ್ಕೋತೀವಿ."